ಹನ್ನೆರಡು ಬಾಟಲಿ ಎಲ್ಲಿ ಹೋದವು?

ಕೇಳುಗರೇ, ನಮಸ್ಕಾರ.

ಕಲಬುರಗಿಯಲ್ಲಿ ನನ್ನದು ಔಷಧಿ ಹೋಲ್‌ಸೇಲ್ ವ್ಯಾಪಾರ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತ ಸುದ್ದಿ ನಿಮಗೆ ನೆನಪಿರಬಹುದು. ಆ ಸಿರಪ್ಪಿನ ಎಸ್‌ಆರ್-13 ಎಂಬ ಬ್ಯಾಚ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸಿಕ್ಕಿತು. ಅದನ್ನು ಓದಿದ ದಿನ ನನಗೆ ಒಂದೇ ಯೋಚನೆ. ನಾಳೆ ನಮ್ಮ ಗೋಡೌನ್‌ನ ಒಂದು ಬ್ಯಾಚ್‌ಗೆ ಹೀಗಾದರೆ, ಅದು ಯಾವ ಯಾವ ಅಂಗಡಿಯಲ್ಲಿದೆ ಎಂದು ಹೇಳುವುದಕ್ಕೆ ನನಗೆ ಆಗುತ್ತದೆಯೇ?

ಆಗುತ್ತದೆ ಎಂದೇ ನಂಬಿದ್ದೆ. ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಇರಲೇಬೇಕು, ಆ ಬಿಲ್ಲಿನ ಪ್ರತಿ ಮೂರು ವರ್ಷ ಇಡಬೇಕು. ಅದು ಕಾನೂನು. ನಾವೂ ಇಟ್ಟಿದ್ದೆವು. ಆದರೂ ಒಂದು ಮಧ್ಯಾಹ್ನ ಸುಮ್ನೆ ಪರೀಕ್ಷೆ ಮಾಡಿ ನೋಡಿದೆವು. ಏನೂ ದೋಷವಿಲ್ಲದ ಒಂದು ಜ್ವರದ ಸಿರಪ್ ತೆಗೆದುಕೊಂಡು, ಅದರ ಒಂದು ಬ್ಯಾಚ್ ವಾಪಸ್ ಕರೆಸಬೇಕು ಎಂದುಕೊಂಡೆವು.

ಕಂಪ್ಯೂಟರ್ ಹತ್ತೇ ನಿಮಿಷದಲ್ಲಿ ಪಟ್ಟಿ ಕೊಟ್ಟಿತು. ಬಂದದ್ದು 480 ಬಾಟಲಿ. 31 ಅಂಗಡಿಗೆ ಹೋದದ್ದು 396. ತಿರುಗಿ ಬಂದದ್ದು 12. ಹಾಗಾದರೆ ನಮ್ಮಲ್ಲಿ 96 ಉಳಿದಿರಬೇಕು. ಹುಡುಗ ರ‍್ಯಾಕ್‌ಗೆ ಹೋಗಿ ಎಣಿಸಿದ. 108 ಇದ್ದವು.

ಕಡಿಮೆ ಬಿದ್ದಿದ್ದರೆ ಗಾಬರಿಯಾಗುತ್ತಿತ್ತು. ಜಾಸ್ತಿ ಇದೆಯಲ್ಲ, ಒಳ್ಳೆಯದೇ ಅಲ್ವಾ ಎಂದು ಹುಡುಗ ನಕ್ಕ. ಅದೇ ಸಿರಪ್ಪಿನ ಇನ್ನೊಂದು ಹೊಸ ಬ್ಯಾಚ್ ಪಕ್ಕದಲ್ಲೇ ಇತ್ತು. ಅದನ್ನೂ ಎಣಿಸಿದೆವು. ಅಲ್ಲಿ ಸರಿಯಾಗಿ 12 ಕಡಿಮೆ.

ಆದದ್ದು ಇಷ್ಟು. ಕಂಪ್ಯೂಟರ್ ಮೊದಲು ಎಕ್ಸ್‌ಪೈರಿ ಆಗುವ ಹಳೆ ಬ್ಯಾಚನ್ನು ತಾನೇ ಆರಿಸಿ ಬಿಲ್ಲಿಗೆ ಹಾಕುತ್ತದೆ. ಹುಡುಗ ಮಾತ್ರ ಕೈಗೆ ಹತ್ತಿರ ಇದ್ದ ಹೊಸ ಕಾರ್ಟನ್‌ನಿಂದ ತೆಗೆದು ಕಳಿಸಿದ್ದಾನೆ. ವರ್ಷಕ್ಕೊಮ್ಮೆ ಸ್ಟಾಕ್ ಎಣಿಸುವಾಗ ಎರಡೂ ಬ್ಯಾಚ್ ಸೇರಿಸಿ ಎಣಿಸುತ್ತಿದ್ದೆವು. ಮೊತ್ತ ಯಾವಾಗಲೂ ಸರಿಯಾಗಿ ಬರುತ್ತಿತ್ತು. ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇದರ ಅಪಾಯ ಎಲ್ಲಿದೆ ನೋಡಿ. ಹಳೆ ಬ್ಯಾಚ್ ಕೆಟ್ಟದ್ದಾಗಿದ್ದರೆ, ಅದು ಇಲ್ಲದ ಅಂಗಡಿಗೂ ಒಂದು ಫೋನ್ ಮಾಡುತ್ತಿದ್ದೆವು, ಅಷ್ಟೇ. ಹೊಸ ಬ್ಯಾಚ್ ಕೆಟ್ಟದ್ದಾಗಿದ್ದರೆ? ಆ 12 ಬಾಟಲಿ ಇರುವ ಅಂಗಡಿಯ ಹೆಸರು ನಮ್ಮ ಪಟ್ಟಿಯಲ್ಲೇ ಇರುತ್ತಿರಲಿಲ್ಲ. ಜೀವಕ್ಕೆ ಅಪಾಯವಿರುವ ಔಷಧಿಯನ್ನು ಹೆಚ್ಚೆಂದರೆ 72 ಗಂಟೆಯೊಳಗೆ ವಾಪಸ್ ತರಬೇಕು ಎನ್ನುತ್ತದೆ ಕೇಂದ್ರದ ಮಾರ್ಗಸೂಚಿ. ಪಟ್ಟಿಯಲ್ಲೇ ಇಲ್ಲದ ಅಂಗಡಿಗೆ ಎಷ್ಟು ಗಂಟೆ ಕೊಟ್ಟರೆ ಏನು?

ಆ 12 ಬಾಟಲಿ ಹುಡುಕಲು ಒಂದು ದಾರಿ ಇತ್ತು. ಹೊಸ ಬ್ಯಾಚ್ ನಮ್ಮಲ್ಲಿಗೆ ಬಂದದ್ದು ತಿಂಗಳ 9ನೇ ತಾರೀಖು. ಅದಕ್ಕಿಂತ ಮೊದಲಿನ ಬಿಲ್ಲುಗಳಲ್ಲಿ ಈ ತಪ್ಪು ಆಗಲು ಸಾಧ್ಯವೇ ಇಲ್ಲ. 9ರಿಂದ ಈಚೆಗೆ ಹಳೆ ಬ್ಯಾಚ್ ಹೆಸರಲ್ಲಿ ಬಿಲ್ ಆದ ಅಂಗಡಿ 14. ಅಷ್ಟಕ್ಕೂ ಫೋನ್ ಮಾಡಿದೆವು. ಮೊದಮೊದಲು "ಈ ಬ್ಯಾಚ್ ಇದೆಯಾ?" ಎಂದು ಕೇಳಿದೆವು. ಕೌಂಟರ್‌ನಲ್ಲಿ ಗಿರಾಕಿ ಇದ್ದಾಗ ಯಾರು ಎದ್ದು ನೋಡುತ್ತಾರೆ? "ಇಲ್ರೀ ಸರ್" ಎಂದು ಫೋನ್ ಇಟ್ಟುಬಿಡುತ್ತಿದ್ದರು. ಆಮೇಲೆ ಮಾತು ಬದಲಿಸಿದೆವು. "ಬಾಟಲಿ ಕೈಯಲ್ಲಿ ಹಿಡಿದು ಅದರ ಮೇಲಿನ ನಂಬರ್ ಓದಿರಿ, ಎಷ್ಟು ಉಳಿದಿವೆ ಹೇಳಿರಿ" ಎಂದೆವು. ಆಗ ಸಿಕ್ಕವು. ಆಳಂದದ ಒಂದು ಅಂಗಡಿಗೆ 7, ಅಫಜಲಪುರದ ಒಂದು ಅಂಗಡಿಗೆ 5 ಹೋಗಿದ್ದವು.

ಈಗ ನಮ್ಮಲ್ಲಿ ಕ್ರಮ ತಿರುಗಿಸಿದ್ದೇವೆ. ಮೊದಲು ಮಾಲು ತೆಗೆಯುವುದು, ಕಾರ್ಟನ್ ಮೇಲಿನ ನಂಬರ್ ಚೀಟಿಯಲ್ಲಿ ಬರೆಯುವುದು, ಆ ಚೀಟಿ ನೋಡಿ ಬಿಲ್ ಮಾಡುವುದು. ಒಂದು ಖಾನೆಯಲ್ಲಿ ಒಂದೇ ಬ್ಯಾಚ್. ಕೆಲಸ ಸ್ವಲ್ಪ ನಿಧಾನ ಆಗಿದೆ, ಸುಳ್ಳು ಹೇಳುವುದಿಲ್ಲ. ಬಸ್ಸಿಗೆ ಪಾರ್ಸೆಲ್ ಹಾಕುವ ಹೊತ್ತಿಗೆ ಬೈಗುಳವೂ ಬೀಳುತ್ತದೆ.

ಕಿರಾಣಿ ಹೋಲ್‌ಸೇಲ್ ಮಾಡುವ ಗೆಳೆಯರೊಬ್ಬರು ಇದನ್ನು ಕೇಳಿ, "ನಮ್ಮ ಬಿಲ್ಲಿನಲ್ಲಿ ಬ್ಯಾಚ್ ಕಾಲಮ್ಮೇ ಇಲ್ಲ, ಏನು ಮಾಡಲಿ?" ಎಂದರು. ಅವರಿಗೆ ತಾರೀಖೇ ಆಧಾರ. ಆ ಲಾಟ್ ಬಂದ ದಿನದಿಂದ ಅದರ ಕೊನೆಯ ಡಬ್ಬ ಹೊರಗೆ ಹೋದ ದಿನದವರೆಗೆ ಆ ಮಾಲು ಒಯ್ದ ಎಲ್ಲರಿಗೂ ಹೇಳಬೇಕು. ಪಟ್ಟಿ ಉದ್ದವಾಗುತ್ತದೆ, ಆದರೆ ಯಾರೂ ಬಿಟ್ಟುಹೋಗುವುದಿಲ್ಲ. ಹತ್ತು ಕಡೆಯ ತೊಗರಿ ಒಂದೇ ರಾಶಿಗೆ ಸುರಿದ ಮೇಲೆ ಮಾತ್ರ ಈ ಉಪಾಯವೂ ನಡೆಯುವುದಿಲ್ಲ. ಆಗ ಇಡೀ ರಾಶಿಯೇ ಒಂದು ಲಾಟ್.

ನನ್ನ ಪಟ್ಟಿಯಲ್ಲೂ ಒಂದು ತೂತು ಹಾಗೇ ಉಳಿದಿದೆ. ನಾವು ಮಾಲು ಕಳಿಸಿದ ಅಂಗಡಿಗೆ ಪಕ್ಕದ ಅಂಗಡಿಯವರು ಬಂದು "ನಾಲ್ಕು ಬಾಟಲಿ ಕೊಡ್ರಿ, ನಾಳೆ ಕೊಡ್ತೀನಿ" ಎಂದು ಕೈಗಡ ಒಯ್ಯುತ್ತಾರಲ್ಲ, ಅದಕ್ಕೆ ಬಿಲ್ಲಿಲ್ಲ. ಹಾಗಾಗಿ ಫೋನಿನಲ್ಲಿ ಈಗ ಕೊನೆಗೆ ಇನ್ನೊಂದು ಪ್ರಶ್ನೆ ಕೇಳುತ್ತೇವೆ: "ಇದರಲ್ಲಿ ಯಾರಿಗಾದರೂ ಕೈಗಡ ಕೊಟ್ಟಿದ್ದೀರೇನ್ರೀ?"

ನಮಸ್ಕಾರ.