"ಇನ್ನು ಐದೇ ಬಾಕ್ಸ್" ಅನ್ನೋ ಮೊದಲು ಎಣಿಸಿ ನೋಡಿ

ನಮಸ್ಕಾರ. "ಬೇಗ ಬೇಗ, ಇವತ್ತು ಮಾತ್ರ, ಇನ್ನು ಐದೇ ಬಾಕ್ಸ್!" ನಿನ್ನೆ ಕೇಳಿದ್ರಿ, ಇವತ್ತೂ ಕೇಳಿದ್ರಿ, ನಾಳೆಯೂ ಅದೇ ರೀಲ್ ನಿಮ್ಮ ಮೊಬೈಲಿಗೆ ಬರ್ತದೆ. ಆ ಐದು ಬಾಕ್ಸ್ ಮಾತ್ರ ಖಾಲಿ ಆಗೋದೇ ಇಲ್ಲ. ಅಕ್ಷಯಪಾತ್ರೆ ಮಾರ್ತಾ ಇದ್ದಾರೋ ಏನೋ!

ಇದು ಬರೀ ಕಿರಿಕಿರಿಯ ವಿಷಯ ಅಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಆನ್‌ಲೈನ್ ವ್ಯಾಪಾರದ 13 ಮೋಸದ ಪಟ್ಟುಗಳನ್ನು ಹೆಸರಿಸಿ ನಿಷೇಧಿಸಿತು. ಪಟ್ಟಿಯಲ್ಲಿ ಮೊದಲನೆಯದೇ ಈ ಸುಳ್ಳು ಅವಸರ. ದೊಡ್ಡ ಆ್ಯಪ್‌ಗಳಿಗಷ್ಟೇ ಅಲ್ಲ, ಮಾರುವವರಿಗೂ ಜಾಹೀರಾತು ಕೊಡುವವರಿಗೂ ಅದು ಅನ್ವಯಿಸ್ತದೆ.

ನನಗೆ ಸಿಟ್ಟು ಬರೋದು ಬೇರೆ ಕಾರಣಕ್ಕೆ. ನಮ್ಮ ಕರಾವಳಿಯಲ್ಲಿ ನಿಜವಾದ ಕೊರತೆಯೇ ಬೇಕಾದಷ್ಟಿರುವಾಗ ಸುಳ್ಳು ಯಾಕೆ ಬೇಕು? ಅಂಕೋಲೆಯ ಕರಿ ಇಶಾಡ ಮಾವನ್ನೇ ತಗೊಳ್ಳಿ. 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದ ಹಣ್ಣು. ಸಿಪ್ಪೆ ತೆಳು, ಒಳಗೆ ತಿರುಳೋ ತಿರುಳು, ಹಣ್ಣಾದ ಮೇಲೆ ಹೆಚ್ಚು ದಿನ ತಡೆಯೋದಿಲ್ಲ. ಮಳೆ ಹಿಡಿಯಿತೋ, ಸೀಸನ್ ಮುಗೀತು. ಇಂಥ ಹಣ್ಣಿಗೆ ಅವಸರ ತಾನಾಗಿಯೇ ಇದೆ. ರೀಲ್ ಮಾಡಿ ಮಾರುವ ನಿಮ್ಮ ಸ್ಕ್ರಿಪ್ಟ್ ಅದನ್ನು ಸರಿಯಾಗಿ ಹೇಳಿದರೆ ಸಾಕು.

ಒಂದು ಉದಾಹರಣೆ ಲೆಕ್ಕ ಹಾಕೋಣ. ಈ ಕೊಯ್ಲಿಗೆ 80 ಬಾಕ್ಸ್ ಆಗಬಹುದು ಅಂತ ತೋಟದವರು ಹೇಳಿದ್ರು ಅಂದ್ಕೊಳ್ಳಿ. ಕ್ಯಾಮೆರಾ ಮುಂದೆ ನಿಂತು "80 ಬಾಕ್ಸ್" ಅನ್ನಬೇಡಿ. ವರ್ಷವೂ ತಗೊಳ್ಳುವವರಿಗೆ ಮಾತು ಕೊಟ್ಟದ್ದು 12. ಪೆಟ್ಟಾದ ಹಣ್ಣಿಗೆ ಬದಲಿ ಕಳಿಸೋಕೆ ಎತ್ತಿಡಬೇಕಾದ್ದು 8. ಉಳಿದದ್ದು 60, ವಿಡಿಯೋದಲ್ಲಿ ಹೇಳಬೇಕಾದ ಸಂಖ್ಯೆ ಅದೇ. ಇನ್ನೊಂದು, ಮನೆಯಲ್ಲಿ ಇಬ್ಬರು ಎರಡು ಫೋನಿನಲ್ಲಿ ಆರ್ಡರ್ ತಗೊಳ್ತಾ ಇದ್ದರೆ ಬರೆಯೋ ಪುಸ್ತಕ ಒಂದೇ ಇರಲಿ, ದುಡ್ಡು ಬಂದದ್ದನ್ನೇ ಬುಕಿಂಗ್ ಅಂತ ಎಣಿಸಿ. ಇಲ್ಲದಿದ್ದರೆ 60 ಬಾಕ್ಸಿಗೆ 71 ಗಿರಾಕಿ ಆಗಿ, ಪ್ರಾಮಾಣಿಕರೇ ಸುಳ್ಳುಗಾರರ ಸಾಲಿಗೆ ಸೇರ್ತಾರೆ.

ಈಗ ಮಾತು ಹೀಗಿರಲಿ: "ಈ ಕೊಯ್ಲಿನಲ್ಲಿ ಮಾರಾಟಕ್ಕೆ 60 ಬಾಕ್ಸ್, ಬಾಕ್ಸಿಗೆ 12 ಹಣ್ಣು. ಮೇ 14, ಗುರುವಾರ ಸಂಜೆ 6 ಗಂಟೆಗೆ ಬುಕಿಂಗ್ ಬಂದ್. ಎಷ್ಟು ಬುಕ್ ಆಯಿತೋ ಅಷ್ಟನ್ನೇ ಶುಕ್ರವಾರ ಬೆಳಿಗ್ಗೆ ಕೊಯ್ದು, ರಾತ್ರಿ ಬೆಂಗಳೂರು ಬಸ್ಸಿಗೆ ಹಾಕ್ತೇವೆ."

ಇಲ್ಲಿ ಗಡುವಿನ ಪಕ್ಕದಲ್ಲೇ ಅದರ ಕಾರಣ ಇದೆ, ನೋಡಿ. ಯಾಕೆ 6 ಗಂಟೆ ಅಂತ ಯಾರಾದರೂ ಕೇಳಿದರೆ ಉತ್ತರ ಇದೆ: ಬೆಳಿಗ್ಗೆ ಮರ ಹತ್ತುವವನಿಗೆ ಲೆಕ್ಕ ಕೊಡಬೇಕು. "ಇವತ್ತು" ಅಂತಲೂ ಎಲ್ಲೂ ಹೇಳಿಲ್ಲ. ವಿಡಿಯೋಗೆ ಇವತ್ತು ಅನ್ನೋದೇ ಇಲ್ಲ, ಯಾರು ಯಾವಾಗ ನೋಡ್ತಾರೋ ಅದೇ ಅದರ ಇವತ್ತು. ಬುಧವಾರ ಮಾಡಿದ ರೀಲ್ ಭಾನುವಾರ ಒಬ್ಬರ ಕಣ್ಣಿಗೆ ಬಿದ್ದರೆ ಆ ಒಂದು ಪದದಿಂದ ನೀವು ಸುಳ್ಳು ಹೇಳಿದ ಹಾಗಾಯ್ತು. ಹಾಗಾಗಿ ತಾರೀಕು, ವಾರ ಎರಡನ್ನೂ ಹೇಳಿ. "ಇನ್ನು ಇಷ್ಟು ಉಳಿದಿದೆ" ಅನ್ನೋದನ್ನಂತೂ ಬಾಯಲ್ಲಿ ಹೇಳಲೇಬೇಡಿ. ಅದು ಗಂಟೆಗಂಟೆಗೂ ಬದಲಾಗುವ ಸಂಖ್ಯೆ, ಪಿನ್ ಮಾಡಿದ ಕಮೆಂಟಿನಲ್ಲಿ ಹಾಕಿ, ತಿದ್ದುತ್ತಾ ಇರಿ.

ಮುಂದಿನ ವಾರ ಇನ್ನೊಂದು ಕೊಯ್ಲು ಇದ್ದರೆ? ಹೆಚ್ಚಿನವರು ಅದನ್ನು ಮುಚ್ಚಿಡ್ತಾರೆ, ಹೇಳಿದರೆ ಜನ ಕಾಯ್ತಾರೆ ಅಂತ. ನಾನು ಹೇಳಿ ಅಂತೀನಿ. "ಮುಂದಿನ ವಾರ ಇನ್ನೊಂದು ಕೊಯ್ಲಿದೆ, ಮಳೆ ಬಿಟ್ಟರೆ." ಈ ಶನಿವಾರವೇ ಹಣ್ಣು ಬೇಕಾದವರು ಹೇಗೂ ಈಗಲೇ ತಗೊಳ್ತಾರೆ. ಕಾಯುವವರು ಕಾಯಲಿ, ಅವರೇ ನಿಮ್ಮ ಎರಡನೇ ವಾರದ ಗಿರಾಕಿಗಳು.

ಜೋನಿ ಬೆಲ್ಲದ ಕತೆ ಬೇರೆ. ಡಬ್ಬದಲ್ಲಿ ತಿಂಗಳುಗಟ್ಟಲೆ ಇರುವ ಮಾಲಿಗೆ "ಕೊನೆಯ ಅವಕಾಶ" ಅಂದರೆ ಸಿರ್ಸಿ ಕಡೆಯವರು ನಗಾಡ್ತಾರೆ. ಅಲ್ಲಿ ಅವಸರ ಏನಿದ್ದರೂ ದರದ್ದು. ಈ ತಾರೀಕಿನವರೆಗೆ ಈ ದರ ಅಂದ ಮೇಲೆ ಮರುದಿನ ದರ ಏರಲೇಬೇಕು. ಎಂದೂ ಮಾರದ ದರವನ್ನು ದೊಡ್ಡದಾಗಿ ಬರೆದು ಅಡ್ಡಗೀಟು ಎಳೆಯೋದು ಬೇಡ.

ಸರಿ, ಗುರುವಾರ 6 ಗಂಟೆ ಆಯ್ತು. ದುಡ್ಡು ಕೊಟ್ಟು ಬೂಸ್ಟ್ ಮಾಡಿದ್ದರೆ ಮೊದಲು ಅದನ್ನು ನಿಲ್ಲಿಸಿ. ಕ್ಯಾಪ್ಶನ್ನಿನ ಮೊದಲ ಸಾಲಿನಲ್ಲೇ "ಬುಕಿಂಗ್ ಮುಗಿದಿದೆ" ಅಂತ ಹಾಕಿ. ಎಂಟು ಗಂಟೆಗೆ ಪರಿಚಯದವರು ಫೋನ್ ಮಾಡಿ "ಒಂದೇ ಒಂದು ಬಾಕ್ಸ್ ಕೊಡಾ ಮಾರಾಯಾ" ಅಂತಾರೆ, ಬದಲಿ ಕಳಿಸೋಕೆ ಎತ್ತಿಟ್ಟ 8ರ ಮೇಲೆ ಕೈ ಹೋಗ್ತದೆ. ಕೊಡಬೇಡಿ, ಹೆಸರು ಮುಂದಿನ ವಾರಕ್ಕೆ ಬರೆದುಕೊಳ್ಳಿ. 60ರಲ್ಲಿ 38 ಮಾತ್ರ ಬುಕ್ ಆಯ್ತಾ? ಗಡುವು ಮುಂದೂಡಿ ಇನ್ನೊಂದು ವಿಡಿಯೋ ಮಾಡೋದು ಬೇಡ. ಉಳಿದ ಕಾಯಿ ಮರದಲ್ಲಿ ತಡೆಯೋ ಹಾಗಿದ್ದರೆ ಮುಂದಿನ ಕೊಯ್ಲಿಗೆ ಬಿಡಿ, ತಡೆಯದಿದ್ದರೆ ಕೊಯ್ದು ಹಣ್ಣು ಮಾಡಿ ಕಾರವಾರದ ಭಾನುವಾರದ ಸಂತೆಗೆ ಇಳಿಸಿ.