ಈ ಶರ್ಟ್ ಯಾರದು ಅಂತ ಹೇಳದೇ ವರ್ಣಿಸೋದು ಹೇಗೆ?

ಕ್ಯಾಮೆರಾ ಮುಂದೆ ಹಿಡಿದಿದ್ದೇನಲ್ಲ, ಈ ಬೂದು ಬಣ್ಣದ ಶರ್ಟು, ಇದನ್ನು ಹೊಲಿದವಳು ನನ್ನ ಗೆಳತಿ. ಇದರ ಬಗ್ಗೆ ನಾಲ್ಕು ಸಾಲು ಬರೆದುಕೊಡು ಅಂದಳು. ಒಂದೇ ಷರತ್ತು, ಗಂಡಸರದ್ದು ಹೆಂಗಸರದ್ದು ಅನ್ನೋ ಮಾತು ಎಲ್ಲೂ ಬರಬಾರದು. ಸುಲಭ ಅಂದುಕೊಂಡೆ. 'ಯುನಿಸೆಕ್ಸ್ ಶರ್ಟ್, ಸಡಿಲ, ಎಲ್ಲರಿಗೂ ಒಪ್ಪುತ್ತದೆ' ಅಂತ ಬರೆದು ಕಳಿಸಿದೆ. 'ಇದರಲ್ಲಿ ಶರ್ಟ್ ಎಲ್ಲಿದೆ?' ಅಂತ ಕೇಳಿದಳು. ಸರಿಯೇ ಅಲ್ವಾ, ಯುನಿಸೆಕ್ಸ್ ಅಂತ ನಾನೇ ಒಮ್ಮೆ ಆನ್‌ಲೈನಲ್ಲಿ ತರಿಸಿಕೊಂಡಿದ್ದು ಬರೀ ಗಂಡಸರ ಶರ್ಟು. ಭುಜದಲ್ಲಿ ಜೋತು ಬಿದ್ದಿತ್ತು, ಸೊಂಟದ ಕೆಳಗೆ ಕೊನೆಯ ಗುಂಡಿ ಹಾಕೋಕೇ ಆಗಲಿಲ್ಲ.

ಹಾಗಾಗಿ ಈ ಸಲ ಶರ್ಟನ್ನು ಒಳಗು ಹೊರಗು ಮಾಡಿ ನೋಡಿದೆ. ನೋಡಿ, ಎದೆಯ ಹತ್ತಿರ ಡಾರ್ಟ್ ಇಲ್ಲ. ಡಾರ್ಟ್ ಅಂದರೆ ಬಟ್ಟೆಯನ್ನು ಮೊನಚಾಗಿ ಮಡಿಸಿ ಹೊಲಿದು, ಎದೆಗೆ ತಕ್ಕ ಉಬ್ಬು ಕೊಡೋದು. ಪಕ್ಕದ ಹೊಲಿಗೆ ಕಂಕುಳಿನಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ನೇರ, ನಡುವಿನಲ್ಲಿ ಒಳಕ್ಕೆ ಬಾಗಿಲ್ಲ. ಅಂದರೆ ದೇಹ ಹೀಗೇ ಇರಬೇಕು ಅಂತ ಬಟ್ಟೆ ಮೊದಲೇ ತೀರ್ಮಾನ ಮಾಡಿಲ್ಲ. ಆದರೆ ಉಬ್ಬಿಗೆ ಜಾಗ ಎಲ್ಲಿಂದ ಬರಬೇಕು? ಅಗಲದಿಂದ. ಅಳತೆ ಬೇಕಾಗುವುದು ಇಲ್ಲೇ.

ಶರ್ಟನ್ನು ಮೇಜಿನ ಮೇಲೆ ಹಾಸಿ, ಒಂದು ಕಂಕುಳಿನಿಂದ ಇನ್ನೊಂದಕ್ಕೆ ಟೇಪ್ ಹಿಡಿದೆ. 60 ಸೆಂಟಿಮೀಟರ್, ಅಂದರೆ ಸುತ್ತಳತೆ 120. ನನ್ನ ಎದೆ ಸುತ್ತಳತೆ 94, ತಮ್ಮನದು 104. ನನಗೆ 26 ಸೆಂಟಿಮೀಟರ್ ಸಡಿಲ, ಅವನಿಗೆ 16. ಇಬ್ಬರಿಗೂ ಸಡಿಲವೇ, ಆದರೆ ಒಂದೇ ಥರದ ಸಡಿಲ ಅಲ್ಲ.

ಭುಜದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಶರ್ಟಿನ ಭುಜ ಹೊಲಿಗೆಯಿಂದ ಹೊಲಿಗೆಗೆ 51, ನನ್ನ ಭುಜ 39, ತಮ್ಮನದು 45. ಹೊಲಿಗೆ ನನ್ನ ತೋಳಿನ ಮೇಲೆ 6 ಸೆಂಟಿಮೀಟರ್ ಕೆಳಗೆ ಇಳಿದಿದೆ, ಅವನಿಗೆ 3. ಸಾಮಾನ್ಯ ಶರ್ಟಿನಲ್ಲಿ ಹೀಗಾದರೆ 'ಅಣ್ಣನ ಶರ್ಟ್ ಹಾಕ್ಕೊಂಡಿದೀಯಾ?' ಅಂತ ಕೇಳ್ತಾರೆ. ಇಲ್ಲಿ ಹಾಗೆ ಅನಿಸೋದಿಲ್ಲ, ಯಾಕೆಂದರೆ ಹೊಲಿಗೆ ಇಳಿಯಲಿ ಅಂತಲೇ ಕತ್ತರಿಸಿದ್ದಾರೆ. ಕಂಕುಳು ಆಳವಾಗಿದೆ, ತೋಳು ಅಗಲ, ಉದ್ದ ಕಡಿಮೆ. ಅದಕ್ಕೇ ತೋಳಿನ ಉದ್ದವನ್ನು ಭುಜದ ಹೊಲಿಗೆಯಿಂದ ಹೇಳಿದರೆ ಪ್ರಯೋಜನವಿಲ್ಲ. ಕತ್ತಿನ ಹಿಂಭಾಗದ ನಡುವಿನಿಂದ ಕಫ್‌ವರೆಗೆ 80 ಅಂತ ಹೇಳಬೇಕು. ಆಗ ಹೊಲಿಗೆ ಎಲ್ಲಿ ಬಿದ್ದರೂ ನಿಮ್ಮ ಮಣಿಕಟ್ಟಿಗೆ ಮುಟ್ಟುತ್ತದೋ ಇಲ್ಲವೋ ಗೊತ್ತಾಗುತ್ತದೆ.

ತೊಂದರೆ ಎಲ್ಲಿ ಅಂದರೆ ಕೆಳಗೆ. ಅಂಚಿನ ಸುತ್ತಳತೆ 114, ನನ್ನ ಹಿಂಭಾಗದ ಸುತ್ತಳತೆ 112. ಬರೀ 2 ಸೆಂಟಿಮೀಟರ್! ಕೂತರೆ ಎಳೆಯಬೇಕು. ಆದರೆ ಎರಡೂ ಪಕ್ಕದಲ್ಲಿ 12 ಸೆಂಟಿಮೀಟರ್ ಸೀಳು ಬಿಟ್ಟಿದ್ದಾಳೆ, ಅದು ನನಗೆ ಬಿಚ್ಚಿಕೊಳ್ಳುತ್ತದೆ, ತಮ್ಮನಿಗೆ ಮುಚ್ಚಿಕೊಂಡೇ ಇರುತ್ತದೆ. ನೋಡೋರಿಗೆ ಸೀಳು ಅಲಂಕಾರ. ನನಗಂತೂ ಶರ್ಟ್ ನಿಂತಿರೋದೇ ಅದರ ಮೇಲೆ.

ಇನ್ನು ಬಟ್ಟೆ. ಇದೇ ಅಳತೆಯನ್ನು ತೆಳು ವಿಸ್ಕೋಸಿನಲ್ಲಿ ಹೊಲಿದಿದ್ದರೆ ಮೈಗೆ ಅಂಟಿಕೊಂಡು ಇಳಿಯುತ್ತಿತ್ತು, ಡಾರ್ಟ್ ತೆಗೆದು ಏನೂ ಸಾಧಿಸಿದ ಹಾಗಾಗುತ್ತಿರಲಿಲ್ಲ. ಇದು ಒಂದಿಷ್ಟು ದಪ್ಪ ಹತ್ತಿ ಟ್ವಿಲ್, ಮೈಯಿಂದ ದೂರ ನಿಲ್ಲುತ್ತದೆ, ತನ್ನದೇ ಗೆರೆ ಇಟ್ಟುಕೊಳ್ಳುತ್ತದೆ. ಹಾಗಂತ ತೀರಾ ಗಡಸಾದರೆ ಡಬ್ಬದ ಹಾಗೆ ಕಾಣುತ್ತೆ, ಇಳಿದ ಭುಜ ರೆಕ್ಕೆ ಥರ ಎದ್ದು ನಿಲ್ಲುತ್ತೆ.

ಕೊನೆಗೆ ಗುಂಡಿ. ರೂಢಿಯಲ್ಲಿ ಗಂಡಸರ ಶರ್ಟಿನ ಗುಂಡಿ ತೊಟ್ಟವರ ಬಲಕ್ಕೆ, ಹೆಂಗಸರದು ಎಡಕ್ಕೆ. ಯಾವುದನ್ನು ಆರಿಸಿದರೂ ಒಂದು ಗುರುತು ಉಳಿದೇ ಉಳಿಯುತ್ತದೆ. ಗುಂಡಿಪಟ್ಟಿ ಮರೆಮಾಡಿದರೂ ಯಾವ ಮಗ್ಗುಲು ಮೇಲೆ ಬಂದಿದೆ ಅಂತ ಕಾಣುತ್ತೆ. ಗೆಳತಿ ಜಗಳವನ್ನೇ ಬಿಟ್ಟು, ಕತ್ತಿನ ಕೆಳಗೆ ಗುಂಡಿಯಿಲ್ಲದ ಒಂದು ಸೀಳು ಇಟ್ಟು, ತಲೆಯ ಮೇಲಿಂದ ಹಾಕಿಕೊಳ್ಳೋ ಹಾಗೆ ಮಾಡಿದ್ದಾಳೆ.

ಕಳಿಸಿದ್ದು ಇದು: 'ತಲೆಯ ಮೇಲಿಂದ ಹಾಕುವ, ಗುಂಡಿಯಿಲ್ಲದ ಶರ್ಟ್. ನೇರ ಕಟ್, ಡಾರ್ಟ್ ಇಲ್ಲ. ಇಳಿದ ಭುಜ, ಕತ್ತಿನ ನಡುವಿನಿಂದ ಕಫ್‌ಗೆ 80. ಎದೆ 120, ಅಂಚು 114, ಪಕ್ಕದಲ್ಲಿ 12ರ ಸೀಳು. ಮೈಯಿಂದ ದೂರ ನಿಲ್ಲುವ ಹತ್ತಿ ಟ್ವಿಲ್.'

ತಮ್ಮ ಓದಿ, 'ಅಕ್ಕಾ, ಬಣ್ಣ ಬರೆದೇ ಇಲ್ಲ' ಅಂದ. ಹೌದಲ್ಲ, ಮರೆತೇಬಿಟ್ಟಿದ್ದೆ.