ಅಂಗಿಯ ಮೇಲಿನ ಚೀಟಿ: 599 ಬಂದದ್ದು ಹೇಗೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಅಂಗಡಿಗಳಿಗೆ ಲೆಕ್ಕ ಬರೆದುಕೊಡುವುದು ನನ್ನ ಕೆಲಸ. ಹೋದ ಹಬ್ಬದ ಮುಂಚೆ ಒಬ್ಬ ಹುಡುಗ ಚಿಕ್ಕಪೇಟೆಯ ಬಿಲ್ಲು ಹಿಡಿದುಕೊಂಡು ಬಂದ. ತಿಪಟೂರಿನಲ್ಲಿ ಹೊಸದಾಗಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. 40 ಅಂಗಿ ತಂದಿದ್ದ, ಒಂದಕ್ಕೆ 400 ರೂಪಾಯಿಯಂತೆ. 16,000 ಮಾಲು, ಅದರ ಮೇಲೆ ನೂರಕ್ಕೆ 5ರಂತೆ ಜಿಎಸ್‌ಟಿ 800, ಒಟ್ಟು 16,800. ಹಮಾಲಿ, ಪಾರ್ಸೆಲ್ ಬಾಡಿಗೆ ಅಂತ ಬೇರೆ 400 ಖರ್ಚಾಗಿತ್ತು. "ಅಣ್ಣಾ, ಚೀಟಿ ಮೇಲೆ ಎಷ್ಟು ಬರೀಲಿ?" ಅಂದ.

ಅವನೇ ಒಂದು ಲೆಕ್ಕ ಹಾಕಿದ್ದ. ಅಂಗಿಗೆ ಕೊಟ್ಟದ್ದು ತೆರಿಗೆ ಸೇರಿ 420, ಸಾಗಣೆ 10, ಅಸಲು 430. ಅದಕ್ಕೆ ನೂರಕ್ಕೆ 40ರಂತೆ ಲಾಭ ಸೇರಿಸಿದರೆ 602. ಅದರ ಮೇಲೆ ಮತ್ತೆ 5ರಂತೆ ತೆರಿಗೆ. 632 ರೂಪಾಯಿ 10 ಪೈಸೆ. ಕೂಡಿದ್ದರಲ್ಲಿ ತಪ್ಪಿಲ್ಲ. ಆದರೆ ಎದುರಿನ ಅಂಗಡಿಯಲ್ಲಿ ಅದೇ ಅಂಗಿ 599ಕ್ಕೆ ತೂಗಾಡುತ್ತಿತ್ತು.

ಎಡವಿದ್ದು ಖರೀದಿಯಲ್ಲಿ ಪ್ರತಿ ಅಂಗಿಗೆ ಕೊಟ್ಟ 20 ರೂಪಾಯಿ ತೆರಿಗೆಯಲ್ಲಿ. ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವನು ಖರೀದಿಯಲ್ಲಿ ಕೊಟ್ಟ ತೆರಿಗೆ ಅವನ ಖರ್ಚಲ್ಲ, ಸರ್ಕಾರದ ಹತ್ತಿರ ಜಮಾ ಇರುವ ಹಣ. ಮಾರಿದಾಗ ಗಿರಾಕಿಯಿಂದ ವಸೂಲಾದ ತೆರಿಗೆಯಲ್ಲಿ ಆ 20ನ್ನು ಮುರಿದುಕೊಂಡು ಮಿಕ್ಕಿದ್ದಷ್ಟನ್ನೇ ಕಟ್ಟುತ್ತಾನೆ. ಇನ್‌ಪುಟ್ ಕ್ರೆಡಿಟ್ ಅನ್ನುವುದು ಇದಕ್ಕೇ. ಆದ್ದರಿಂದ ಅಸಲು 430 ಅಲ್ಲ, 410. ಅದಕ್ಕೆ 40ರಂತೆ ಲಾಭ 164. ಆಯಿತು 574. ತೆರಿಗೆ ಕೊನೆಯಲ್ಲಿ, ಒಂದೇ ಸಲ: 28 ರೂಪಾಯಿ 70 ಪೈಸೆ. ಒಟ್ಟು 602 ರೂಪಾಯಿ 70 ಪೈಸೆ.

ಈ ಕ್ರೆಡಿಟ್ ತಾನಾಗಿ ಬರುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಸಗಟು ವ್ಯಾಪಾರಿ ತನ್ನ ರಿಟರ್ನ್‌ನಲ್ಲಿ ಈ ಬಿಲ್ಲು ತೋರಿಸಿರಬೇಕು, ಅದು ನಿಮಗೆ ಸಿಗುವ ಕ್ರೆಡಿಟ್ ತೋರಿಸುವ ಜಿಎಸ್‌ಟಿಆರ್ 2ಬಿ ಪಟ್ಟಿಯಲ್ಲಿ ಕಾಣಬೇಕು. ಕಾಣದಿದ್ದರೆ 20 ರೂಪಾಯಿ ನಿಮ್ಮ ಲಾಭದಿಂದಲೇ ಹೋಯಿತು. ಇನ್ನು ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ಅಂಗಡಿಯವರಿಗೆ ಈ ಕ್ರೆಡಿಟ್ಟೇ ಇಲ್ಲ. ಅವರ ಅಸಲು ನಿಜವಾಗಿಯೂ 430. ಗಿರಾಕಿಯಿಂದ ತೆರಿಗೆ ಅಂತ ಪ್ರತ್ಯೇಕವಾಗಿ ಒಂದು ಪೈಸೆಯನ್ನೂ ಅವರು ಕೇಳುವಂತಿಲ್ಲ, ವಹಿವಾಟಿನ ನೂರಕ್ಕೆ 1 ರೂಪಾಯಿಯನ್ನು ಕೈಯಿಂದ ಕಟ್ಟಬೇಕು. ಅದೇ 164 ಉಳಿಯಬೇಕಾದರೆ ಅವರು 600ಕ್ಕೆ ಮಾರಬೇಕು.

ನಮ್ಮ ಹುಡುಗ 602ನ್ನು 599 ಮಾಡಿದ. ಸರಿಯೇ, ಚೀಟಿಯ ಬೆಲೆ ಅಂದರೆ ಎಲ್ಲ ತೆರಿಗೆ ಸೇರಿದ ಬೆಲೆ. ಈಗ ಅದರೊಳಗಿನ ತೆರಿಗೆ ಎಷ್ಟು? 599ಕ್ಕೆ ನೂರಕ್ಕೆ 5 ಅಂದರೆ 29 ರೂಪಾಯಿ 95 ಪೈಸೆ ಅಂದುಬಿಟ್ಟ. ಹಾಗಲ್ಲ. 599 ಅನ್ನುವುದು 100 ಅಲ್ಲ, 105. ಅದನ್ನು 105ರಿಂದ ಭಾಗಿಸಿ 100ರಿಂದ ಗುಣಿಸಬೇಕು. ತೆರಿಗೆಯಿಲ್ಲದ ಬೆಲೆ 570 ರೂಪಾಯಿ 48 ಪೈಸೆ, ತೆರಿಗೆ 28 ರೂಪಾಯಿ 52 ಪೈಸೆ. ಅಸಲು 410 ಕಳೆದರೆ ಅಂಗಡಿಗೆ 160 ಚಿಲ್ಲರೆ.

"ನೂರಕ್ಕೆ 40 ಸಿಕ್ತಲ್ಲಣ್ಣ, ಹಬ್ಬಕ್ಕೆ 10 ಬಿಟ್ಟರೂ 30 ಉಳೀತದೆ," ಅಂದ. ಅಂಗಡಿ ಮುಚ್ಚಿಸುವ ಲೆಕ್ಕ ಅಂದರೆ ಇದೇ, ನಾನು ಎಷ್ಟೋ ಕಡೆ ನೋಡಿದ್ದೇನೆ. ಅವನ 40 ಅಸಲಿನ ಮೇಲಿನದು. ಬಿಟ್ಟುಕೊಡುವ 10 ಮಾರಾಟದ ಬೆಲೆಯ ಮೇಲಿನದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಮಾರಾಟದ 570ರಲ್ಲಿ 160 ಅಂದರೆ ನೂರಕ್ಕೆ 28 ಮಾತ್ರ.

ಬಾಡಿಗೆ, ಹುಡುಗರ ಸಂಬಳ, ಕರೆಂಟು ಎಲ್ಲ ಹೋಗುವುದು ಮಾರಾಟದಿಂದಲೇ. ಅವನ ಅಂಗಡಿಯಲ್ಲಿ ತಿಂಗಳಿಗೆ ತೆರಿಗೆ ಬಿಟ್ಟು 2 ಲಕ್ಷ ವ್ಯಾಪಾರ, ಈ ಖರ್ಚು 50,000. ನೂರಕ್ಕೆ 25 ಆಯಿತು. ಅಂದರೆ ಪೂರ್ತಿ ಬೆಲೆಗೆ ಮಾರಿದರೂ ಅವನ ಜೇಬಿಗೆ ಬೀಳುವುದು ನೂರಕ್ಕೆ 3 ರೂಪಾಯಿ. ಈಗ ಗಿರಾಕಿ ಚೌಕಾಸಿ ಮಾಡಿ 60 ರೂಪಾಯಿ ಇಳಿಸಿದ ಅನ್ನಿ, 539. ಆ 60ರಲ್ಲಿ ಸರ್ಕಾರದ ಪಾಲಿಗೆ ತಗ್ಗುವುದು 3 ರೂಪಾಯಿಯೂ ಅಲ್ಲ. ಮಿಕ್ಕ 57 ಹೋಗುವುದು ಅಂಗಡಿಯವನ 160ರಿಂದ. ಉಳಿದದ್ದು 103. ತೆರಿಗೆ ಬಿಟ್ಟ ಬೆಲೆ 513ಕ್ಕೆ ನೂರಕ್ಕೆ 25ರಂತೆ ಆ ಅಂಗಿಯ ಪಾಲಿನ ಬಾಡಿಗೆ ಸಂಬಳ 128. ಪ್ರತಿ ಅಂಗಿಗೆ 25 ರೂಪಾಯಿ ಕೈಬಿಟ್ಟಿತು, ಗಲ್ಲಾ ಮಾತ್ರ ತುಂಬಿದಂತೆಯೇ ಕಾಣುತ್ತದೆ.

ಹಬ್ಬಕ್ಕೆ 10 ಬಿಡಲೇಬೇಕು ಅಂತಿದ್ದರೆ ಮೊದಲೇ ಚೀಟಿಯಲ್ಲಿ ಅದಕ್ಕೆ ಜಾಗ ಇಡಬೇಕು. 599 ಕೈಗೆ ಬರಬೇಕು, 10 ಬಿಡಬೇಕು ಅಂದರೆ 599ನ್ನು 90ರಿಂದ ಭಾಗಿಸಿ 100ರಿಂದ ಗುಣಿಸಿ. 665 ರೂಪಾಯಿ 56 ಪೈಸೆ ಬರುತ್ತದೆ. 599ಕ್ಕೆ 10ರಂತೆ ಕೂಡಿದರೆ 658 ರೂಪಾಯಿ 90 ಪೈಸೆ, ಅದು ಸಾಲದು.

ಎದ್ದು ಹೋಗುವಾಗ ಇನ್ನೊಂದು ಅಂಗಿ ತೆಗೆದ. ಲಿನನ್, ಮದುವೆ ಮನೆಗೆ ಹಾಕಿಕೊಳ್ಳುವಂಥದ್ದು. ಚೀಟಿ ಮೇಲೆ 2,799 ಬರೆದಿತ್ತು. ಇದಕ್ಕೆ ತೆರಿಗೆ ಎಷ್ಟು ಅಂತ ಕೇಳಿದೆ. 2025ರ ಸೆಪ್ಟೆಂಬರ್ 22ರಿಂದ ಒಂದು ಉಡುಪಿನ ಮಾರಾಟ ಮೌಲ್ಯ 2,500 ರೂಪಾಯಿವರೆಗೆ ಇದ್ದರೆ ನೂರಕ್ಕೆ 5, ಅದಕ್ಕಿಂತ ಹೆಚ್ಚಿದ್ದರೆ 18. ಈ 2,500 ನೋಡುವುದು ತೆರಿಗೆಯಿಲ್ಲದ ಬೆಲೆಯಲ್ಲಿ. ಹುಡುಗ ಫೋನಿನಲ್ಲಿ ಲೆಕ್ಕ ಹಾಕಿದ. 5 ಅಂತ ಹಿಡಿದು ತೆರಿಗೆ ತೆಗೆದರೆ 2,666 ಬಂತು. 2,500 ದಾಟಿತು, ಹಾಗಾದರೆ 18 ಇರಬೇಕು. 18 ಅಂತ ಹಿಡಿದು ತೆಗೆದರೆ 2,372 ಬಂತು. 2,500ರ ಒಳಗೇ ಇದೆ, ಹಾಗಾದರೆ 5 ಇರಬೇಕು! ತಲೆ ಕೆರೆದುಕೊಂಡ.

ವಿಷಯ ಇಷ್ಟೇ. 2,500ಕ್ಕೆ 5ರಂತೆ ತೆರಿಗೆ ಸೇರಿದರೆ 2,625. 2,501ಕ್ಕೆ 18ರಂತೆ ಸೇರಿದರೆ 2,951 ಮೇಲೆ. ಅಂಗಡಿಯವನಿಗೆ 1 ರೂಪಾಯಿ ಹೆಚ್ಚು ಬಂದರೆ ಗಿರಾಕಿಗೆ 326 ರೂಪಾಯಿ ಹೆಚ್ಚು ಬೀಳುತ್ತದೆ. 2,625ರಿಂದ 2,950ರವರೆಗಿನ ನಡುವಿನ ಯಾವ ಬೆಲೆಗೂ ಸರಿಹೊಂದುವ ಲೆಕ್ಕವೇ ಇಲ್ಲ. ಹುಡುಗ ಅಲ್ಲೇ ಹಳೆಯ ಚೀಟಿ ಕಿತ್ತು ಜೇಬಿನಿಂದ ಪೆನ್ನು ತೆಗೆದು 2,599 ಅಂತ ಬರೆದ. ಅಂಗಿಯ ಅಸಲು 1,700 ಇತ್ತು, ಅವನಿಗೆ ನಷ್ಟವೇನೂ ಇಲ್ಲ.

ನಮಸ್ಕಾರ.